ಸ್ಟೀಲ್ ಪಾತ್ರೆಗೆ ತುಕ್ಕಿನ ಚುಕ್ಕೆ ಏಕೆ? ದರ್ಜೆ ಅರಿತು ಬಳಸುವ ಬಗೆ

ಸಾಗರ ತಾಲ್ಲೂಕಿನ ಒಂದು ಮಹಿಳಾ ಸ್ವಸಹಾಯ ಸಂಘದವರು ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟು, ಮಳೆಗಾಲಕ್ಕೆ ಮುನ್ನ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಒಂದು ವರ್ಷ ಅವರಲ್ಲಿದ್ದ ಭರಣಿಗಳು ಸಾಲದೆ ಬಂದವು. ಆಗ ಎರಡು ಸ್ಟೀಲ್ ಡಬ್ಬಿಗಳನ್ನೂ ಬಳಸಿದರು. ಒಂದರ ತಳದಲ್ಲಿ 'ಎಸ್.ಎಸ್. 304' ಎಂಬ ಅಚ್ಚು ಇತ್ತು. ಇನ್ನೊಂದು ಸಂತೆಯಲ್ಲಿ ಕೊಂಡ, ಯಾವ ಗುರುತೂ ಇಲ್ಲದ, ಆದರೆ ಮೊದಲನೆಯದಕ್ಕಿಂತ ಹೆಚ್ಚು ಹೊಳೆಯುವ ಡಬ್ಬಿ. ಒಂದು ಭರಣಿಗೂ ಎರಡು ಡಬ್ಬಿಗಳಿಗೂ ಒಂದೇ ದಿನ, ತಲಾ 10 ಕಿಲೋ ಮಿಡಿಗೆ ಎರಡೂವರೆ ಕಿಲೋ ಕಲ್ಲುಪ್ಪಿನಂತೆ ಪದರ ಪದರವಾಗಿ ತುಂಬಿದರು.

ಮೂರು ವಾರಗಳ ನಂತರ ತೆರೆದಾಗ ಭರಣಿಯ ಮಿಡಿ ಚೆನ್ನಾಗಿಯೇ ಇತ್ತು. ಗುರುತಿಲ್ಲದ ಡಬ್ಬಿಯಲ್ಲಿ ಉಪ್ಪುನೀರು ನಿಂತಿದ್ದ ಮಟ್ಟಕ್ಕೆ ಸರಿಯಾಗಿ, ಬಳೆಯಂತೆ ಸುತ್ತಲೂ, ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದಿದ್ದವು. ತಳದಲ್ಲಿಯೂ ಚುಕ್ಕೆಗಳಿದ್ದವು. ಗೋಡೆಗೆ ತಾಗಿದ್ದ ಮಿಡಿಗಳ ಮೇಲೆ ಕಪ್ಪು ಕಲೆ ಕಟ್ಟಿ, ಸುಮಾರು ಅರ್ಧದಷ್ಟು ಮಾರಾಟಕ್ಕೆ ಬಾರದಂತಾಗಿತ್ತು. 304 ಡಬ್ಬಿಯ ತಳದಲ್ಲಿ ಎರಡೇ ಎರಡು ಚುಕ್ಕೆಗಳು. ಸಂಘದವರು ಡಬ್ಬಿಗಳನ್ನು ತೊಳೆದು ತರಬೇತಿಗೆ ಹೊತ್ತು ತಂದು ಕೇಳಿದ ಪ್ರಶ್ನೆ ಎರಡು. ಅಂಗಡಿಯವರು ಮೋಸ ಮಾಡಿದರೇ? ಮೋಸವೇ ಆಗಿದ್ದರೆ 304ಕ್ಕೂ ಚುಕ್ಕೆ ಬಂದುದೇಕೆ?

ಸ್ಟೀಲಿನ ಮೇಲಿನ ಪೊರೆ

ಸ್ಟೇನ್‌ಲೆಸ್ ಸ್ಟೀಲ್ ಎಂಬುದೂ ಮೂಲತಃ ಕಬ್ಬಿಣವೇ. ಅದರಲ್ಲಿ ತೂಕದ ಶೇ. 10.5ಕ್ಕೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಬೆರೆತಿದ್ದರೆ, ಮೇಲ್ಮೈಯ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟುತ್ತದೆ. ಇದರ ದಪ್ಪ ಎರಡು ಮೂರು ನ್ಯಾನೋಮೀಟರ್ ಮಾತ್ರ, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಪಾತ್ರೆ ಗೀರಿದರೆ ಪೊರೆ ಹರಿಯುತ್ತದೆ. ಆದರೆ ಗಾಳಿ ತಗುಲಿದೊಡನೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಬಣ್ಣ ಬಳಿದ ಅಥವಾ ಕಲಾಯಿ ಹಾಕಿದ ಪಾತ್ರೆಗೂ ಸ್ಟೀಲಿಗೂ ಇರುವ ವ್ಯತ್ಯಾಸ ಇದೇ. ಕಲಾಯಿ ಸವೆದರೆ ಕಲಾಯಿಗಾರನೇ ಬರಬೇಕು. ಸ್ಟೀಲಿನ ಪೊರೆಗೆ ಗಾಳಿ ಮತ್ತು ಶುಚಿಯಾದ ಮೇಲ್ಮೈ ಇದ್ದರೆ ಸಾಕು.

ಈ ಪೊರೆಯ ದೊಡ್ಡ ಶತ್ರು ಕ್ಲೋರೈಡ್. ಅಡಿಗೆ ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ತಾವು ಹೊಲಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. (ಆ ಗೊಬ್ಬರವನ್ನು ಅಳೆಯಲು ಅಡುಗೆಮನೆಯ ಹಳೆಯ ಪಾವು ಒಯ್ಯುವ ರೂಢಿ ಕೆಲವರಲ್ಲಿದೆ. ಪಾವಿನ ಮೈಯೆಲ್ಲ ಚುಕ್ಕೆಯಾಗುವುದು ಅದರಿಂದಲೇ. ಅಂತಹ ಪಾವು ಮತ್ತೆ ಅಡುಗೆಮನೆಗೆ ಬರಬಾರದು ಎಂಬುದು ಬೇರೆಯೇ ಮಾತು.) ಮೇಲ್ಮೈಯಲ್ಲಿ ಪೊರೆ ದುರ್ಬಲವಾಗಿರುವ ಸೂಜಿಮೊನೆಯಷ್ಟು ಜಾಗವನ್ನು ಕ್ಲೋರೈಡ್ ಹುಡುಕಿ ಒಳಹೊಗುತ್ತದೆ. ಅಲ್ಲಿ ಸಣ್ಣ ಕುಳಿ ಬಿದ್ದ ಮೇಲೆ ಕುಳಿಯೊಳಗೆ ಆಮ್ಲಜನಕ ತಲುಪುವುದಿಲ್ಲ, ಆದ್ದರಿಂದ ಪೊರೆ ಮತ್ತೆ ಕಟ್ಟುವುದಿಲ್ಲ. ಕರಗಿದ ಲೋಹವು ನೀರಿನೊಡನೆ ಸೇರಿ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಇನ್ನಷ್ಟು ಲೋಹವನ್ನು ಕರಗಿಸುತ್ತದೆ. ಹೊರಗಿನ ಕ್ಲೋರೈಡ್ ಇನ್ನಷ್ಟು ಒಳಸೆಳೆಯಲ್ಪಡುತ್ತದೆ. ಒಮ್ಮೆ ಆರಂಭವಾದ ಕುಳಿ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ನಮಗೆ ಹೊರಗೆ ಕಾಣುವ ಕಿತ್ತಳೆ ಚುಕ್ಕೆ ಆ ಕುಳಿಯ ಬಾಯಿ ಮಾತ್ರ.

ಸಂಘದ ಡಬ್ಬಿಯಲ್ಲಿ ಚುಕ್ಕೆಗಳು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ ಎಂಬುದನ್ನು ಗಮನಿಸಬೇಕು. ತಳದಲ್ಲಿ ಕರಗದ ಉಪ್ಪಿನ ಹರಳು ಕುಳಿತಿತ್ತು. ಹರಳಿನ ಅಡಿಗೆ ಗಾಳಿಯಿಲ್ಲ, ಕ್ಲೋರೈಡ್ ಮಾತ್ರ ಗಾಢವಾಗಿದೆ. ನೀರಿನ ಮಟ್ಟದ ಅಂಚಿನಲ್ಲಿ ತೆಳುವಾದ ಉಪ್ಪುನೀರು ಆರುತ್ತಾ, ಮತ್ತೆ ತೊಯ್ಯುತ್ತಾ ಲವಣ ಗಟ್ಟಿಯಾಗುತ್ತಿತ್ತು, ಪಕ್ಕದಲ್ಲೇ ಗಾಳಿಯೂ ಸಿಗುತ್ತಿತ್ತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಮಿಡಿಯ ಉಪ್ಪುನೀರು ಅದರ ಹಲವು ಪಟ್ಟು ಗಾಢ, ಜೊತೆಗೆ ಹುಳಿ ಬೇರೆ. ಇಂತಹ ದ್ರವವನ್ನು ವಾರಗಟ್ಟಲೆ ಹಿಡಿದಿಡಲು 304 ದರ್ಜೆಯೂ ಅಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮಿಡಿ ಕಪ್ಪಾದುದಕ್ಕೆ ಕಾರಣ ಕೊಳೆತವಲ್ಲ. ಎಳೆಯ ಮಾವಿನಲ್ಲಿ ಒಗರಿನ ಅಂಶವಾದ ಟ್ಯಾನಿನ್ ಇರುತ್ತದೆ. ಅದು ಕುಳಿಯಿಂದ ಹೊರಬಂದ ಕಬ್ಬಿಣದೊಡನೆ ಕೂಡಿದರೆ ಕಪ್ಪು ಬಣ್ಣ ಬರುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದ ಹಿಂದಿನವರಿಗೆ ಈ ಕ್ರಿಯೆ ಚೆನ್ನಾಗಿ ಗೊತ್ತಿತ್ತು.

ಅಂಕಿಗಳ ಅರ್ಥ

ಈಗ ಮೊದಲನೆಯ ಪ್ರಶ್ನೆ. 304 ಎಂಬ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತವೆ. ಕೆಲವು ಪಾತ್ರೆಗಳ ಮೇಲೆ 18/8 ಎಂದು ಅಚ್ಚಾಗಿರುವುದು ಇದನ್ನೇ. ನಿಕಲ್ ದುಬಾರಿ ಲೋಹ. ಅದರ ಬಹುಪಾಲನ್ನು ತೆಗೆದು ಬದಲಿಗೆ ಮ್ಯಾಂಗನೀಸ್ ಬೆರೆಸಿ ತಯಾರಿಸಿದವು 200 ಸಾಲಿನ ದರ್ಜೆಗಳು. 202ರಲ್ಲಿ ಶೇ. 4ರಿಂದ 6 ನಿಕಲ್ ಇರಬೇಕು. ನಮ್ಮ ದೇಶದಲ್ಲಿ ಅಗ್ಗದ ಪಾತ್ರೆಗಳಿಗೆ ಹೆಚ್ಚಾಗಿ ಬಳಕೆಯಾಗುವ ಜೆ4 ಎಂಬ ದರ್ಜೆಯಲ್ಲಿ ನಿಕಲ್ ಶೇ. 1ರ ಆಸುಪಾಸು, ಕ್ರೋಮಿಯಂ ಕೂಡ ಶೇ. 15–16ಕ್ಕೆ ಇಳಿದಿರುತ್ತದೆ. ವ್ಯತ್ಯಾಸವಾಗುವುದು ಮುಖ್ಯವಾಗಿ ಈ ಕ್ರೋಮಿಯಂ ಇಳಿಕೆಯಿಂದ. ಜೊತೆಗೆ ಮ್ಯಾಂಗನೀಸ್ ಸ್ಟೀಲಿನಲ್ಲಿರುವ ಅತ್ಯಲ್ಪ ಗಂಧಕದೊಡನೆ ಕೂಡಿ ಸೂಕ್ಷ್ಮ ಕಣಗಳನ್ನು ಮಾಡುತ್ತದೆ. ಕ್ಲೋರೈಡ್ ಮೊದಲು ಹಿಡಿಯುವುದು ಆ ಕಣಗಳ ಅಂಚನ್ನೇ. ಹೊಳಪಿಗೂ ದರ್ಜೆಗೂ ಸಂಬಂಧವಿಲ್ಲ. ಹೊಳಪು ಪಾಲಿಶಿನ ಫಲ.

ಕಡಿಮೆ ನಿಕಲ್ ಇದ್ದ ಮಾತ್ರಕ್ಕೆ ಅದು ಕಳಪೆ ಅಥವಾ ಮೋಸದ ಮಾಲು ಎನ್ನಲಾಗದು. ಪಾತ್ರೆಗಳಿಗೆ ಬಳಸುವ ಇಂತಹ ಸ್ಟೀಲಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 15997 ಎಂಬ ಮಾನಕವನ್ನೇ ರೂಪಿಸಿದೆ. ತಟ್ಟೆ, ಲೋಟ, ಅಕ್ಕಿ ಬೇಳೆಯ ಡಬ್ಬಿ, ನೀರಿನ ಕೊಡ ಇವುಗಳಿಗೆ ಅದು ಧಾರಾಳವಾಗಿ ಸಾಕು. ನಿತ್ಯ ಹುಣಸೆಹುಳಿ ಕುದಿಯುವ ಸಾರಿನ ಪಾತ್ರೆ, ಮಜ್ಜಿಗೆ ಹುಳಿಯಾಗುವ ಪಾತ್ರೆ, ಹಾಲಿನ ಕ್ಯಾನು ಇವುಗಳಿಗೆ 304ಕ್ಕೆ ಹೆಚ್ಚು ಹಣ ಕೊಡುವುದು ಸಾರ್ಥಕ. ಉಪ್ಪಿನ ಡಬ್ಬಿ, ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಮಿಡಿ ಇವುಗಳಿಗೆ ಭರಣಿ, ಗಾಜು ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮೇ ಸರಿ. ಮಾಲಿಬ್ಡಿನಂ ಬೆರೆತ 316 ದರ್ಜೆ ಉಪ್ಪನ್ನು ಇನ್ನೂ ಚೆನ್ನಾಗಿ ತಾಳುತ್ತದೆ, ಆದರೆ ಭರಣಿಯ ಕೆಲಸಕ್ಕೆ ಅಷ್ಟು ಬೆಲೆ ತೆರುವ ಅಗತ್ಯ ನನಗೆ ಕಾಣುವುದಿಲ್ಲ.

ಅಂಗಡಿಯಲ್ಲಿ ಅನೇಕರು ಅಯಸ್ಕಾಂತ ಹಿಡಿದು ಪರೀಕ್ಷಿಸುತ್ತಾರೆ. ಇದು ಅರ್ಧ ಪರೀಕ್ಷೆ. ಅಯಸ್ಕಾಂತ ಬಲವಾಗಿ ಅಂಟಿದರೆ ಅದು ಬಹುಶಃ 430ರಂತಹ ನಿಕಲ್ ಇಲ್ಲದ ದರ್ಜೆ. ಅಂಟದಿದ್ದರೆ 304 ಇರಬಹುದು, ಜೆ4 ಕೂಡ ಇರಬಹುದು. ಎರಡಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ. ಇನ್ನು, ಅಸಲಿ 304 ಪಾತ್ರೆಯ ಬಾಗಿಸಿದ ಕಂಠದಲ್ಲಿ ಅಯಸ್ಕಾಂತ ತುಸು ಎಳೆದರೆ ಗಾಬರಿ ಬೇಡ. ತಣ್ಣಗಿನ ತಗಡನ್ನು ಒತ್ತಿ ಬಾಗಿಸಿದಾಗ ಹಾಗಾಗುತ್ತದೆ. ಎರಡನ್ನೂ ಬೇರ್ಪಡಿಸಲು ಮ್ಯಾಂಗನೀಸ್ ಗುರುತಿಸುವ ದ್ರಾವಣದ ಹನಿ ಹಾಕಿ, ಬ್ಯಾಟರಿ ತಾಗಿಸಿ ಬಣ್ಣ ನೋಡುವ ಸಣ್ಣ ಕಿಟ್‌ಗಳಿವೆ. ಸಂಘದ ಗುರುತಿಲ್ಲದ ಡಬ್ಬಿಗೆ ಹಾಗೆ ಮಾಡಿದಾಗ ಅದು 200 ಸಾಲಿನದು ಎಂದು ತಿಳಿಯಿತು. ಅಂಗಡಿಯವರು ಅದನ್ನು 304 ಎಂದು ಹೇಳಿ ಮಾರಿರಲಿಲ್ಲ, ಕೊಂಡವರೂ ಕೇಳಿರಲಿಲ್ಲ. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಅದರ ಕೆಳಗಿನ CM/L ಸಂಖ್ಯೆಯನ್ನು ನೋಡಿ, ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಐಎಸ್‌ಐ ಗುರುತು ಇದ್ದ ಮಾತ್ರಕ್ಕೆ 304 ಎಂದು ಅರ್ಥವಲ್ಲ.

ಚುಕ್ಕೆ ಪಾತ್ರೆಯದೋ, ಹೊರಗಿನದೋ?

ಎಲ್ಲ ಚುಕ್ಕೆಯೂ ಕುಳಿಯಲ್ಲ. ಕಬ್ಬಿಣದ ತಂತಿಯ ಸ್ಕ್ರಬ್ಬರಿನಿಂದ ಉಜ್ಜಿದಾಗ ಅದರ ಸೂಕ್ಷ್ಮ ಚೂರುಗಳು ಸ್ಟೀಲಿಗೆ ಕಚ್ಚಿಕೊಂಡು ಮರುದಿನ ತುಕ್ಕು ಹಿಡಿಯುತ್ತವೆ. ಒದ್ದೆ ಪಾತ್ರೆಯ ಮೇಲೆ ಕಬ್ಬಿಣದ ಬಾಣಲೆ ಕವುಚಿದರೂ ಹಾಗೆಯೇ. ಕಬ್ಬಿಣದ ಅಂಶ ಹೆಚ್ಚಿರುವ ಕೊಳವೆಬಾವಿಯ ನೀರು ಕೂಡ ಕಂದು ಕಲೆ ಬಿಡುತ್ತದೆ.

ಗುರುತಿಸುವುದು ಸುಲಭ. ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಕಲೆ ಹೋಗದಿದ್ದರೆ ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಕರಗಿಸಿ ಅರ್ಧ ಗಂಟೆ ನಿಲ್ಲಿಸಿ, ಚೆನ್ನಾಗಿ ತೊಳೆದು ಒರೆಸಿ. ಇದು ಹೊರಗಿನ ಕಬ್ಬಿಣವನ್ನು ಕರಗಿಸಿ, ಪೊರೆ ಮರಳಿ ಕಟ್ಟಲು ಮೇಲ್ಮೈಯನ್ನು ಶುಚಿಗೊಳಿಸುತ್ತದೆ. ನಂತರ ಒದ್ದೆ ಬಟ್ಟೆಯನ್ನು ಒಂದು ರಾತ್ರಿ ಆ ಜಾಗದ ಮೇಲೆ ಇಡಿ. ಬೆಳಿಗ್ಗೆ ಚುಕ್ಕೆಯಿಲ್ಲದಿದ್ದರೆ ಅದು ಹೊರಗಿನ ತುಕ್ಕು, ಪಾತ್ರೆ ಕ್ಷೇಮ. ಅದೇ ಜಾಗದಲ್ಲಿಯೇ ಮತ್ತೆ ಕಂಡು, ಉಗುರು ಎಳೆದಾಗ ಸಣ್ಣ ತಗ್ಗು ತಾಕಿದರೆ ಅದು ಕುಳಿ. ಕುಳಿಯನ್ನು ಮುಚ್ಚುವ ಮನೆಮದ್ದಿಲ್ಲ. ಅದರಿಂದ ಬರುವ ಕಬ್ಬಿಣ ವಿಷವಲ್ಲ, ಆದರೆ ಕುಳಿಯಲ್ಲಿ ಹಾಲಿನ ಜಿಡ್ಡು ಉಳಿದು ಮುಂದಿನ ಹಾಲು ಕೆಡಬಹುದು. ಹಾಲಿನ ಕ್ಯಾನಿನಲ್ಲಿ ಕುಳಿ ಕಂಡರೆ ಅದನ್ನು ಬೇರೆ ಕೆಲಸಕ್ಕೆ ಇಡುವುದು ಒಳ್ಳೆಯದು.

ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ಬಿಡುವ ಪದ್ಧತಿಯನ್ನು ಸ್ಟೀಲಿಗೆ ಅನ್ವಯಿಸಬಾರದು. ಹುಳಿ ಪರವಾಗಿಲ್ಲ, ಉಪ್ಪು ಬೇಡ. ಹಾಲಿನ ಕ್ಯಾನುಗಳನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ಶುದ್ಧಿ ಮಾಡುವವರು ದ್ರಾವಣವನ್ನು ರಾತ್ರಿಯಿಡೀ ಬಿಡದೆ, ಕೆಲಸ ಮುಗಿದೊಡನೆ ಶುದ್ಧ ನೀರಿನಿಂದ ತೊಳೆಯಬೇಕು. ಅನ್ನಕ್ಕೋ ತರಕಾರಿಗೋ ಉಪ್ಪು ಹಾಕುವಾಗ ನೀರು ಕುದಿ ಬಂದ ಮೇಲೆ ಹಾಕಿ ಕಲಕಿ. ತಣ್ಣೀರಿನಲ್ಲಿ ಹಾಕಿದರೆ ಹರಳು ತಳದಲ್ಲಿ ಕೂರುತ್ತದೆ.

ತಮ್ಮ ಕೊಳವೆಬಾವಿಯ ನೀರು ಪರೀಕ್ಷೆಯಾಗಿದ್ದರೆ ವರದಿಯಲ್ಲಿ ಕ್ಲೋರೈಡಿನ ಸಾಲನ್ನೊಮ್ಮೆ ನೋಡಿ. ಕುಡಿಯುವ ನೀರಿಗೆ ಲೀಟರಿಗೆ 250 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಮೂಲವಿಲ್ಲದಿದ್ದರೆ 1,000 ಮಿಲಿಗ್ರಾಂವರೆಗೆ ಅವಕಾಶವಿದೆ. 250ಕ್ಕಿಂತ ಸಾಕಷ್ಟು ಮೇಲಿರುವ ನೀರಿನಲ್ಲಿ ತೊಳೆದ ಪಾತ್ರೆಯನ್ನು ಬುಟ್ಟಿಯಲ್ಲಿ ತಾನೇ ಆರಲು ಬಿಟ್ಟರೆ, ಮಡಿಸಿದ ಕಂಠದ ಸಂದಿನಲ್ಲಿ, ಹಿಡಿಕೆಯ ಬೆಸುಗೆಯಲ್ಲಿ ನಿಂತ ಹನಿ ಆವಿಯಾಗುತ್ತಾ ಲವಣ ಹತ್ತಾರು ಪಟ್ಟು ಗಾಢವಾಗುತ್ತದೆ. ಉಪ್ಪು ಹಾಕದ ಪಾತ್ರೆಗೂ ಕಂಠದಲ್ಲಿ ಚುಕ್ಕೆ ಬರುವುದು ಹೀಗೆ. ಅಂತಹ ಊರುಗಳಲ್ಲಿ ತೊಳೆದೊಡನೆ ಒಣಬಟ್ಟೆಯಿಂದ ಒರೆಸುವುದೊಂದೇ ದಾರಿ.

ಸಂಘದವರು ಮರುವರ್ಷ ಹೆಚ್ಚಿನ ಮಿಡಿಗೆ ಆಹಾರ ದರ್ಜೆಯ ಡ್ರಮ್ಮುಗಳನ್ನು ಕೊಂಡರು. 304 ಡಬ್ಬಿಯ ಎರಡು ಚುಕ್ಕೆಗಳು ನಿಂಬೆ ಉಪ್ಪಿಗೆ ಹೋಗಿ ಮತ್ತೆ ಬರಲಿಲ್ಲ. ಅದರಲ್ಲೀಗ ಮಸಾಲೆ ಪುಡಿ ಇಡುತ್ತಾರೆ. ಗುರುತಿಲ್ಲದ ಡಬ್ಬಿಯ ಕುಳಿಗಳು ಉಳಿದಿವೆ. ಅದರಲ್ಲಿ ಒಣಮೆಣಸಿನಕಾಯಿ ತುಂಬಿದ್ದಾರೆ. ಒಣ ಪದಾರ್ಥವಾದ್ದರಿಂದ ಕುಳಿಗಳು ಬೆಳೆದಿಲ್ಲ.