ಮಾರ್ಕೆಟ್, ಲಿಮಿಟ್, ಸ್ಟಾಪ್-ಲಾಸ್: ಮೊದಲ ಆರ್ಡರ್ ಒತ್ತೋ ಮುಂಚೆ

ಹೋದ ವೀಡಿಯೊ ಆದ್ಮೇಲೆ ಪುಣೆ, ಹೈದರಾಬಾದ್ ಕಡೆಯಿಂದ ತುಂಬ ಜನ ಕೇಳಿದ್ದು ಒಂದೇ: "ಸ್ಕ್ರೀನ್ ಮೇಲೆ 200 ಇತ್ತು, ನನಗೆ ಯಾಕೆ 203 ಬಿತ್ತು?"

ಸ್ಕ್ರೀನ್ ಮೇಲಿರೋ 200 ಅನ್ನೋದು ಕೊನೆಯ ವ್ಯವಹಾರ ನಡೆದ ಬೆಲೆ. ನಿಮಗೆ ಮಾರೋಕೆ ಈಗ ಯಾರು ನಿಂತಿದ್ದಾರೆ ಅನ್ನೋದು ಬೇರೆ ವಿಷಯ. ಅದನ್ನ ನೋಡೋಕೆ ಮಾರ್ಕೆಟ್ ಡೆಪ್ತ್ ತೆರೆಯಬೇಕು. ಒಂದು ಸಣ್ಣ ಕಂಪನಿಯ ಶೇರು ಅಂದ್ಕೊಳ್ಳಿ. ಮಾರುವವರ ಸಾಲು ಹೀಗಿದೆ: 201ಕ್ಕೆ 40 ಶೇರು, 203ಕ್ಕೆ 30, 208ಕ್ಕೆ 30. ನಿಮಗೆ 100 ಬೇಕು.

ಮಾರ್ಕೆಟ್ ಆರ್ಡರ್ ಹಾಕಿದ್ರೆ ಅದು ಮೂರೂ ಸಾಲನ್ನ ಖಾಲಿ ಮಾಡುತ್ತೆ. ಒಟ್ಟು 20,370 ರೂಪಾಯಿ, ಅಂದ್ರೆ ಸರಾಸರಿ 203.70. ಶೇರು ತಕ್ಷಣ ಸಿಕ್ತು, ಆದರೆ ಬೆಲೆ ನಿಮ್ಮ ಕೈಯಲ್ಲಿ ಇರಲಿಲ್ಲ. ದಿನಕ್ಕೆ ಲಕ್ಷಗಟ್ಟಲೆ ಕೈಬದಲಾಗೋ ದೊಡ್ಡ ಶೇರಿನಲ್ಲಿ ಈ ವ್ಯತ್ಯಾಸ ಕೆಲವು ಪೈಸೆ ಅಷ್ಟೇ.

ಅದೇ 203ಕ್ಕೆ ಲಿಮಿಟ್ ಆರ್ಡರ್ ಹಾಕಿದ್ರೆ 70 ಶೇರು ಸಿಗುತ್ತೆ, ಉಳಿದ 30ಕ್ಕೆ ಆರ್ಡರ್ ಕಾಯ್ತಾ ಇರುತ್ತೆ. ಮಧ್ಯಾಹ್ನ 3:30ರೊಳಗೆ ಆ ಬೆಲೆಗೆ ಯಾರೂ ಮಾರದಿದ್ರೆ ರದ್ದು. ಇಲ್ಲಿ ಬೆಲೆ ನಿಮ್ಮದು, ಸಿಗೋ ಗ್ಯಾರಂಟಿ ಇಲ್ಲ.

ಈಗ ಹೊಸಬರು ಎಡವೋ ಜಾಗಕ್ಕೆ ಬರೋಣ. ಶೇರು ಕೊಂಡಾಯ್ತು, ಬೆಲೆ 203 ಇದೆ, "190ಕ್ಕೆ ಇಳಿದ್ರೆ ಮಾರಿಬಿಡು" ಅನ್ನೋದು ನಿಮ್ಮ ಆಸೆ. ಅದಕ್ಕೆ 190ರ ಲಿಮಿಟ್ ಸೆಲ್ ಹಾಕಿದ್ರೆ ಶೇರು ಆ ಕ್ಷಣವೇ 203ರ ಆಸುಪಾಸಲ್ಲಿ ಮಾರಿಹೋಗುತ್ತೆ. ಯಾಕಂದ್ರೆ ಮಾರುವಾಗ ಲಿಮಿಟ್ ಅಂದ್ರೆ "190 ಅಥವಾ ಅದಕ್ಕಿಂತ ಜಾಸ್ತಿ". ನಿಮಗೆ ಬೇಕಿರೋದು ಸ್ಟಾಪ್-ಲಾಸ್.

ಸ್ಟಾಪ್-ಲಾಸ್ ಆರ್ಡರಿನಲ್ಲಿ ಎರಡು ಬೆಲೆ. ಟ್ರಿಗರ್ 190, ಲಿಮಿಟ್ 188 ಅಂತ ಇಟ್ಟಿರಿ ಅನ್ನೋಣ. ಬೆಲೆ 190 ಮುಟ್ಟೋವರೆಗೂ ಆರ್ಡರ್ ಮಲಗಿರುತ್ತೆ. ಮುಟ್ಟಿದ ಮೇಲೆ 188ರ ಸಾಮಾನ್ಯ ಲಿಮಿಟ್ ಸೆಲ್ ಆಗಿ ಸಾಲಿಗೆ ಸೇರುತ್ತೆ. ಆದರೆ ಕೆಟ್ಟ ಸುದ್ದಿ ಬಂದು ಬೆಲೆ 191ರಿಂದ ನೇರ 184ಕ್ಕೆ ಬಿದ್ರೆ? ಟ್ರಿಗರ್ ಆಗುತ್ತೆ, ಆದರೆ 188 ಕೊಡೋರು ಯಾರೂ ಇಲ್ಲ. ಶೇರು ನಿಮ್ಮ ಹತ್ರಾನೇ ಉಳಿದು, ಬೆಲೆ ಇಳೀತಾನೇ ಇರಬಹುದು. ಲಿಮಿಟ್ ಇಲ್ಲದ ಎಸ್‌ಎಲ್-ಎಂ ಆಗಿದ್ರೆ 184ರ ಹತ್ರ ಮಾರಿರ್ತಿತ್ತು. ನಷ್ಟ ಜಾಸ್ತಿ, ಆದರೆ ಹೊರಗೆ ಬಂದಿರ್ತಿದ್ರಿ.

ಇನ್ನೊಂದು ಮಾತು. ಸಾಮಾನ್ಯ ಸ್ಟಾಪ್-ಲಾಸ್ ಅವತ್ತಿನ ದಿನಕ್ಕೆ ಮಾತ್ರ. ಶೇರು ತಿಂಗಳುಗಟ್ಟಲೆ ಇಟ್ಕೊಳ್ಳೋರು ಪ್ರತಿದಿನ ಹೊಸದಾಗಿ ಹಾಕಬೇಕು, ಇಲ್ಲವೇ ಬ್ರೋಕರ್ ಕೊಡೋ ಜಿಟಿಟಿ ಬಳಸಬೇಕು.

ನನ್ನ ಸಲಹೆ: ಮೊದಲ ಖರೀದಿ ಲಿಮಿಟ್‌ನಲ್ಲೇ ಇರಲಿ, ಡೆಪ್ತ್ ನೋಡಿ, ಮಾರುವವರ ಮೊದಲ ಸಾಲಿನ ಬೆಲೆಗೆ. ಒತ್ತಿದ ಮೇಲೆ ಆರ್ಡರ್ ಬುಕ್‌ನಲ್ಲಿ ಎಷ್ಟು ಶೇರು ಸಿಕ್ಕಿದೆ ನೋಡಿ, ಅಷ್ಟಕ್ಕೇ ಸ್ಟಾಪ್-ಲಾಸ್ ಹಾಕಿ.