ಸಭೆಯ ಕರೆಗೆ ಉತ್ತರ ಬಾರದಿದ್ದಾಗ

ಮುಂಬಯಿಯಲ್ಲಿ ನಮ್ಮವರ ಸಂಘಗಳು ಅನೇಕವಿವೆ. ಅವುಗಳ ಕಾರ್ಯದರ್ಶಿಗಳಾದವರನ್ನು ಕೇಳಿದರೆ ಎಲ್ಲರ ದೂರೂ ಒಂದೇ: ‘ಸೂಚನಾಪತ್ರ ಕಳುಹಿಸಿದೆವು, ಅರ್ಧ ಜನರಿಂದ ಉತ್ತರವೇ ಇಲ್ಲ, ಸಭೆ ನಡೆಸುವುದೋ, ಮುಂದೂಡುವುದೋ?’ ನಾವು ಬಲ್ಲ ಒಂದು ಸಂಘದಲ್ಲಿ ಈ ಪ್ರಶ್ನೆ ಹೇಗೆ ತೀರ್ಮಾನವಾಯಿತೆಂಬುದನ್ನು ವಾಚಕರ ಮುಂದಿಡುತ್ತೇವೆ.

ಅದರ ಕಾರ್ಯಕಾರಿ ಸಮಿತಿಯಲ್ಲಿ ಹದಿನೈದು ಮಂದಿ. ಕೆಲವರು ಹೋಟೆಲಿನವರು, ಕೆಲವರು ಕಚೇರಿಯ ಗುಮಾಸ್ತರು. ಸಂಘದ ನಿಬಂಧನೆಯಂತೆ ಸಭೆಗೆ ಏಳು ದಿನ ಮುಂಚೆ ಸೂಚನೆ ಹೋಗಬೇಕು, ಕೋರಂ ಏಳು. ಜೂನ್ ತಿಂಗಳಲ್ಲಿ ಸದಸ್ಯರ ಮಕ್ಕಳ ಶಾಲಾ ಶುಲ್ಕಕ್ಕೆ ಸಹಾಯಧನ ಮಂಜೂರು ಮಾಡಬೇಕಾಗಿತ್ತು. ಶುಲ್ಕ ಕಟ್ಟಲು ಕಡೆಯ ದಿನ ಬುಧವಾರ. ಸಭೆ ಅದರ ಹಿಂದಿನ ಭಾನುವಾರ ಮಧ್ಯಾಹ್ನ ಮೂರೂವರೆಗೆ. ಸೂಚನೆ ಹತ್ತು ದಿನ ಮುಂಚೆಯೇ ಹೋಯಿತು. ಸಭೆಯ ವಾರದ ಸೋಮವಾರ ಎಣಿಸಿ ನೋಡಿದಾಗ ಬರುವೆನೆಂದವರು ಕಾರ್ಯದರ್ಶಿಯೂ ಸೇರಿ ಐವರು, ಬರಲಾರೆನೆಂದವರು ಮೂವರು, ಸುಮ್ಮನಿದ್ದವರು ಏಳು ಮಂದಿ.

ಇಲ್ಲಿ ಕಾರ್ಯದರ್ಶಿಯವರು ಜಾಣತನ ತೋರಿದರು. ಏಳೂ ಜನರ ಬೆನ್ನು ಹತ್ತಲಿಲ್ಲ. ಕೋರಂಗೆ ಬೇಕಾದವರು ಇನ್ನಿಬ್ಬರೇ. ಆದರೆ ಸರಿಯಾಗಿ ಏಳಾದರೆ ಒಬ್ಬನಿಗೆ ಜ್ವರ ಬಂದರೂ ಸಭೆ ಕೆಟ್ಟಿತೆಂದು ಮೂವರನ್ನು ಹಿಡಿಯಬೇಕೆಂದುಕೊಂಡರು. ಮೊದಲ ಹೆಸರು ಖಜಾಂಚಿಯದು, ಏಕೆಂದರೆ ಚೆಕ್ಕಿಗೆ ಅವರ ಸಹಿ ಬೇಕು. ಆಮೇಲೆ ಸಭೆಯ ಸ್ಥಳಕ್ಕೆ ಹತ್ತಿರ ಇರುವವರು.

ವಾಟ್ಸಪ್ಪಿನಲ್ಲಿ ಎರಡು ನೀಲಿ ಗುರುತು ಬಿದ್ದಿತೆಂದು ನಂಬಿ ಕುಳಿತುಕೊಳ್ಳುವ ಕಾರ್ಯದರ್ಶಿಗಳುಂಟು. ಪತ್ರ ತೆರೆಯಲ್ಪಟ್ಟಿತೆಂದಷ್ಟೇ ಅದರ ಅರ್ಥ, ಬರುವರೆಂದಲ್ಲ. ಇವರು ದೂರವಾಣಿಯಲ್ಲಿಯೇ ಕೇಳಿದರು, ಅದೂ ಹೊತ್ತು ನೋಡಿ. ಹೋಟೆಲಿನವನಿಗೆ ಹನ್ನೆರಡೂವರೆಗೆ ಫೋನ್ ಮಾಡಿದರೆ, ಊಟದ ಗದ್ದಲದಲ್ಲಿ ‘ಆಗಲಿ, ಆಗಲಿ’ ಎಂದು ಇಟ್ಟುಬಿಡುತ್ತಾನೆ. ಗಲ್ಲಾದ ಮುಂದೆ ಬಹುಕಾಲ ಕುಳಿತ ನಾವು ಆ ‘ಆಗಲಿ’ಯ ಬೆಲೆ ಬಲ್ಲೆವು. ಮೂರು ಗಂಟೆಯ ಮೇಲೆ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ. ಕೇಳಿದ ಮಾತೂ ನೇರವಾಗಿತ್ತು: ‘ಅಣ್ಣಾ, ಭಾನುವಾರ ಬರುವಿರೋ ಇಲ್ಲವೋ, ಗುರುವಾರ ರಾತ್ರಿಯೊಳಗೆ ಹೇಳಿಬಿಡಿ. ಹೇಳದಿದ್ದರೆ ಬರುವುದಿಲ್ಲವೆಂದು ಎಣಿಸಿ ಸಭೆ ನಡೆಸುತ್ತೇವೆ.’ ಮೌನವನ್ನು ಗೈರುಹಾಜರಿಯೆಂದು ಎಣಿಸಿದರೇ ಹೊರತು ಒಪ್ಪಿಗೆಯೆಂದು ಎಣಿಸಲಿಲ್ಲ. ಈ ಭೇದವನ್ನು ಮರೆತ ಸಂಘಗಳಲ್ಲಿ ಆಮೇಲೆ ಜಗಳವಾಗುವುದುಂಟು.

ಗುರುವಾರವೇ ಏಕೆ? ಕೋರಂ ಆಗದೆಂದು ಅಂದು ತಿಳಿದರೆ ಇನ್ನೂ ಎರಡು ದಿನ ಉಳಿದವರ ಮನೆಬಾಗಿಲಿಗೆ ಹೋಗಬಹುದು. ಭಾನುವಾರ ತಿಳಿದರೆ ದಾರಿಯಿಲ್ಲ. 2013ರ ಕಂಪನಿ ಕಾಯಿದೆಯಲ್ಲಿ, ಮಹಾಸಭೆಗೆ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಅದು ಸಾಮಾನ್ಯವಾಗಿ ಮುಂದಿನ ವಾರದ ಅದೇ ದಿನಕ್ಕೆ ಹೋಗುತ್ತದೆ. ಈ ಸಂಘದ ನಿಬಂಧನೆಯೂ ಹಾಗೆಯೇ ಇತ್ತು. ಒಂದು ವಾರ ಮುಂದೆ ಹೋದರೆ ಶುಲ್ಕದ ಬುಧವಾರ ಕಳೆದೇಹೋಗುತ್ತಿತ್ತು.

ಗುರುವಾರ ರಾತ್ರಿಗೆ ಖಜಾಂಚಿಯೂ ಇನ್ನಿಬ್ಬರೂ ಒಪ್ಪಿದರು, ಒಬ್ಬರು ಬರಲಾರೆನೆಂದರು. ಎಂಟು ಮಂದಿ ಆದರು. ಮೌನವಾಗಿ ಉಳಿದವರು ಮೂವರು. ಅವರಲ್ಲಿ ಇಬ್ಬರಿಗೆ ಸೂಚನೆ ಮುಟ್ಟಿತ್ತೆಂಬುದಕ್ಕೆ ರವಾನೆ ಪುಸ್ತಕದಲ್ಲಿ ಸಹಿ ಇತ್ತು. ಮೂರನೆಯವರು ಕೋಣೆ ಬದಲಿಸಿದ್ದರಿಂದ ಲಕೋಟೆ ಹಿಂದಿರುಗಿತ್ತು. ಉತ್ತರ ಕೊಡದವನು ಬೇರೆ, ಸೂಚನೆಯೇ ಮುಟ್ಟದವನು ಬೇರೆ. ಮೊದಲನೆಯವನಿಗಾಗಿ ಸಭೆ ನಿಲ್ಲಿಸಬೇಕಾಗಿಲ್ಲ. ಎರಡನೆಯವನು ನಾಳೆ ನಿರ್ಣಯವನ್ನೇ ಪ್ರಶ್ನಿಸಬಹುದು. ಹಿಂದೆ ಅಂಚೆಯಲ್ಲಿ ಹಾಕಿದ್ದಕ್ಕೆ ಪೋಸ್ಟಾಫೀಸು ಮುದ್ರೆಯೊತ್ತಿ ಪ್ರಮಾಣಪತ್ರ ಕೊಡುತ್ತಿತ್ತು. 2011ರಲ್ಲಿ ಆ ಸೌಕರ್ಯ ನಿಂತಿತು. ಅದೃಷ್ಟಕ್ಕೆ, ದಾಖಲೆಯಲ್ಲಿರುವ ವಿಳಾಸಕ್ಕೆ ಸಕಾಲದಲ್ಲಿ ಕಳುಹಿಸಿದರೆ ಸಾಕೆಂದು ಈ ಸಂಘದ ನಿಬಂಧನೆಯಲ್ಲಿ ಬರೆದಿತ್ತು. ಹಿಂದಿರುಗಿದ ಲಕೋಟೆಯನ್ನು ಒಡೆಯದೆ ಕಡತದಲ್ಲಿಟ್ಟು, ಹೊಸ ವಿಳಾಸ ಹುಡುಕಿ ಇನ್ನೊಂದು ಪ್ರತಿಯನ್ನು ಕೈಯಲ್ಲಿಯೇ ತಲುಪಿಸಿದರು.

ಕಾರ್ಯಸೂಚಿಯಲ್ಲಿ ಎರಡನೆಯ ವಿಷಯವೊಂದಿತ್ತು: ಸಂಘದ ಬಾಡಿಗೆ ಕೋಣೆಯನ್ನು ಬಿಡುವುದೋ ಬೇಡವೋ ಎಂಬುದು. ಆ ಕೋಣೆಯ ವ್ಯವಹಾರ ನೋಡಿಕೊಳ್ಳುವವರು ಬರಲಾರೆನೆಂದವರಲ್ಲಿ ಒಬ್ಬರು. ಕೋರಂ ಇದೆಯೆಂದು ಅದನ್ನೂ ಮುಗಿಸಿಬಿಡೋಣವೆಂದು ಒಬ್ಬಿಬ್ಬರೆಂದರು. ಕಾರ್ಯದರ್ಶಿ ಒಪ್ಪದೆ ಮುಂದಿನ ಸಭೆಗೆ ಇಟ್ಟರು. ಅದಕ್ಕೆ ಬುಧವಾರದ ಅವಸರವಿರಲಿಲ್ಲ, ಸರಿಯಾದ ಕ್ರಮವೆಂದೇ ನಮ್ಮ ಅಭಿಪ್ರಾಯ.

ಭಾನುವಾರ ರೈಲ್ವೆಯ ಮೆಗಾ ಬ್ಲಾಕ್ ಇತ್ತು. ಎಂಟರಲ್ಲಿ ಒಬ್ಬರು ಠಾಣೆಯ ಕಡೆಯಿಂದ ಬರುವವರು, ದಾರಿಯಲ್ಲೇ ಸಿಕ್ಕಿಕೊಂಡರು. ಹಾಜರಿ ಪುಸ್ತಕದಲ್ಲಿ ಬಿದ್ದ ಸಹಿಗಳು ಸರಿಯಾಗಿ ಏಳು. ಮೂರು ಮುಕ್ಕಾಲಿಗೆ ಸಭೆ ಆರಂಭವಾಯಿತು. ತಿಳಿಸಿ ಬಾರದವರನ್ನು ‘ಅನುಮತಿ ಪಡೆದ ಗೈರುಹಾಜರಿ’ ಎಂದೂ, ತಿಳಿಸದವರನ್ನು ಬರಿಯ ‘ಗೈರುಹಾಜರಿ’ ಎಂದೂ ನಡವಳಿಯಲ್ಲಿ ಬರೆದರು. ಸೋಮವಾರ ಚೆಕ್ಕುಗಳಿಗೆ ಸಹಿಯಾಯಿತು. ನಡವಳಿಯ ಪ್ರತಿ ಹದಿನೈದು ಮಂದಿಗೂ, ಉತ್ತರ ಕೊಡದ ಆ ಮೂವರಿಗೂ, ಅದೇ ವಾರ ಹೋಯಿತು.