ಮೊಟ್ಟೆ ದೋಸೆ: ಒಡೆಯುವ ಹೊತ್ತು, ಮಗುಚುವ ಹದ

ನಾಗಪುರದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥದೊಂದು ಬೇಸಿಗೆಯಲ್ಲಿ ನಮ್ಮ ಹೋಟೆಲಿನಲ್ಲಿ ಮೊಟ್ಟೆ ದೋಸೆಯ ತಟ್ಟೆಗಳು ವಾಪಸು ಬರತೊಡಗಿದವು. ಖಾಯಂ ಗಿರಾಕಿಯೊಬ್ಬರು ನಗುತ್ತಲೇ, "ಅಣ್ಣಾ, ದೋಸೆ ಬೇರೆ, ಆಮ್ಲೆಟ್ ಬೇರೆ ಕೊಟ್ಟಿದ್ದೀರಲ್ಲ" ಎಂದರು. ತುಂಡು ಮುರಿದರೆ ಮೊಟ್ಟೆ ಹಾಳೆಯ ಹಾಗೆ ಎದ್ದು ಬರುತ್ತಿತ್ತು. ದೋಸೆ ಹಾಕುವ ಹುಡುಗ ಊರಿನಲ್ಲಿ ಚೆನ್ನಾಗಿ ಪಳಗಿದವನು. ಕಾವಲಿಯೂ ಹಳೆಯದೇ. ಹಾಗಾದರೆ ತಪ್ಪು ಎಲ್ಲಿ ಎಂದು ಎರಡು ದಿನ ಕಾವಲಿಯ ಪಕ್ಕದಲ್ಲೇ ನಿಂತು ನೋಡಿದೆವು.

ಹುಡುಗ ದೋಸೆಯ ಅಂಚು ಎತ್ತಿ ನೋಡಿ, ಅಡಿ ಕೆಂಪಗಾದ ಮೇಲೆ ಮೊಟ್ಟೆ ಒಡೆಯುತ್ತಿದ್ದ. ಊರಿನಲ್ಲಿ ಅದು ನಡೆಯುತ್ತಿತ್ತು. ಇಲ್ಲಿನ ಸೆಕೆಗೆ ಹಿಟ್ಟು ಬೇಗ ಹುಳಿಯಾಗುತ್ತದೆ. ಅತಿಯಾಗಿ ಹುಳಿ ಬಂದ ಹಿಟ್ಟಿನ ದೋಸೆ ಬೇಗ ಬಣ್ಣ ತಿರುಗುವುದಿಲ್ಲ, ಬಿಳಿಚಿಕೊಂಡೇ ಇರುತ್ತದೆ. ಬಣ್ಣಕ್ಕಾಗಿ ಕಾಯುವಷ್ಟರಲ್ಲಿ ಮೇಲ್ಭಾಗ ಪೂರ್ತಿ ಒಣಗಿರುತ್ತದೆ. ಒಣಗಿದ ದೋಸೆಗೆ ಮೊಟ್ಟೆ ಹಿಡಿದುಕೊಳ್ಳುವುದಿಲ್ಲ, ಮೇಲೆ ಕುಳಿತಿರುತ್ತದೆ ಅಷ್ಟೆ. ಮಗುಚಿದಾಗ ಜಾರುತ್ತದೆ.

ಹಾಗೆಂದು ಹಿಟ್ಟು ಹರಡಿದ ಕೂಡಲೇ ಒಡೆದರೂ ಆಗದು. ಹಸಿ ಹಿಟ್ಟಿನೊಳಗೆ ಮೊಟ್ಟೆ ಬೆರೆತು, ಸೌಟು ಆಡಿಸುವಾಗ ಹಿಟ್ಟೇ ಎದ್ದು ಬರುತ್ತದೆ. ದೋಸೆ ನಡುವೆ ಮುದ್ದೆಯಾಗಿ ಕಾವಲಿಗೆ ಅಂಟುತ್ತದೆ.

ಆದ್ದರಿಂದ ಅಡಿಯ ಬಣ್ಣ ನೋಡದೆ ಮೇಲಿನ ಹೊಳಪು ನೋಡಬೇಕು. ಹಿಟ್ಟು ಹರಡಿದ ಮೇಲೆ ತೂತುಗಳು ಬಿಡುತ್ತವೆ, ಅಂಚಿನಿಂದ ಒಳಕ್ಕೆ ಹಸಿ ಹೊಳಪು ಮಾಯವಾಗುತ್ತ ಬರುತ್ತದೆ. ಅಂಚು ಮಂಕಾಗಿ, ನಡುವೆ ಅಂಗೈಯಗಲ ಮಾತ್ರ ಹೊಳಪು ಉಳಿದಾಗ ಮೊಟ್ಟೆ ಹಾಕುವ ಹೊತ್ತು. ಬೆರಳು ಮುಟ್ಟಿಸಿದರೆ ಅಂಟಬೇಕು, ಹಿಟ್ಟು ಬೆರಳಿಗೆ ಬರಬಾರದು. ನಮ್ಮ ಕಾವಲಿಯಲ್ಲಿ ಇದಕ್ಕೆ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ನಿಮ್ಮ ಕಾವಲಿಯ ದಪ್ಪ, ಉರಿ ನೋಡಿ ಹೆಚ್ಚು ಕಡಿಮೆ ಆದೀತು. ಹಿಟ್ಟನ್ನು ಸಾದಾ ದೋಸೆಗಿಂತ ಸ್ವಲ್ಪ ದಪ್ಪವಾಗಿ ಹರಡಿದರೆ ಈ ಹದ ಸುಲಭವಾಗಿ ಸಿಗುತ್ತದೆ.

ಮೊಟ್ಟೆಯನ್ನು ನೇರವಾಗಿ ದೋಸೆಯ ಮೇಲೆ ಒಡೆಯುವ ಬದಲು ಮೊದಲು ಬಟ್ಟಲಿಗೆ ಒಡೆಯುವುದು ಒಳ್ಳೆಯದು. ಬೇಸಿಗೆಯಲ್ಲಿ ಒಂದು ಕೆಟ್ಟ ಮೊಟ್ಟೆ ಬಂದರೆ ದೋಸೆಯೂ ಹೋಯಿತು, ಕಾವಲಿಯೂ ಹೊಲಸಾಯಿತು. ಬಟ್ಟಲಿನಿಂದ ನಡುವೆ ಸುರಿದು, ಸೌಟಿನ ಬೆನ್ನಿನಿಂದ ಹಳದಿ ಒಡೆದು, ಒತ್ತದೆ ಹರಡಬೇಕು. ಸುತ್ತಲೂ ಒಂದು ಬೆರಳಗಲ ಅಂಚು ಬಿಡಬೇಕು. ಮೊಟ್ಟೆ ಹೊರಕ್ಕೆ ಹರಿದರೆ ಕಾವಲಿಯಲ್ಲಿ ಕರಕಾಗಿ ಮುಂದಿನ ದೋಸೆ ಏಳುವುದಿಲ್ಲ. ಉಪ್ಪು, ಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕುವುದಿದ್ದರೆ ಮೊಟ್ಟೆ ಹಸಿ ಇರುವಾಗಲೇ ಹಾಕಬೇಕು. ಆಮೇಲೆ ಅಂಚಿಗೆ ಒಂದು ಚಮಚ ಎಣ್ಣೆ ಬಿಟ್ಟು ಉರಿ ತಗ್ಗಿಸಬೇಕು.

ಇನ್ನು ಮಗುಚುವುದು. ಮೊಟ್ಟೆಯ ಅಂಚು ಬಿಳಿಯಾಗಿ ಗಟ್ಟಿಯಾಗಿ, ನಡುವೆ ಅಲುಗಾಡಿದರೂ ಹರಿಯದಂತೆ ಆದಾಗ ಹದ ಬಂದಂತೆ. ಮೊದಲು ಸಟ್ಟುಗವನ್ನು ಅಡ್ಡಡ್ಡವಾಗಿ ಮಲಗಿಸಿ ಅಂಚು ಸುತ್ತ ಬಿಡಿಸಬೇಕು. ನಂತರ ಒಂದೇ ಸಲಕ್ಕೆ ನಡುವಿನ ತನಕ ತೂರಿಸಿ, ಕಾವಲಿಗೆ ಹತ್ತಿರವೇ ಇಟ್ಟು ಮಣಿಕಟ್ಟಿನಿಂದ ಹೊರಳಿಸಬೇಕು. ಮೇಲಕ್ಕೆ ಎತ್ತಿ ಬೀಳಿಸಿದರೆ ಮೊಟ್ಟೆ ಚಿಮ್ಮುತ್ತದೆ. ಮಗುಚಿದ ಮೇಲೆ ಸಟ್ಟುಗದಿಂದ ಒತ್ತಬಾರದು. ಒತ್ತಿದರೆ ಬೇಯದ ಮೊಟ್ಟೆ ಪಕ್ಕದಿಂದ ಹೊರಬಂದು ಸುಡುತ್ತದೆ. ಮೊಟ್ಟೆಯ ಕಡೆ ಇಪ್ಪತ್ತು ಮೂವತ್ತು ಸೆಕೆಂಡು ಸಾಕು. ಜಾಸ್ತಿ ಬಿಟ್ಟರೆ ರಬ್ಬರ್. ಆದರೆ ಮತ್ತೆ ಮಗುಚಿ ಮಡಿಸುವಾಗ ಎಲ್ಲಿಯೂ ನೀರಾಗಿ ಹರಿಯಬಾರದು. ಹಸಿ ಕಂಡರೆ ಇನ್ನೊಂದು ಕ್ಷಣ ಬಿಡಿ.

ಬಣ್ಣದ ದೋಷಕ್ಕೆ ಮದ್ದು ಹಿಟ್ಟಿನಲ್ಲೇ ಇದೆ. ನಾವು ಬೇಸಿಗೆಯಲ್ಲಿ ತಣ್ಣೀರು ಹಾಕಿ ರುಬ್ಬಿಸುತ್ತೇವೆ. ಹಿಟ್ಟು ಉಬ್ಬಿದ ಕೂಡಲೇ ಫ್ರಿಜ್‌ಗೆ ಇಟ್ಟು, ಬೇಕಾದಷ್ಟನ್ನೇ ಸಣ್ಣ ಪಾತ್ರೆಯಲ್ಲಿ ಹೊರಗೆ ತೆಗೆಯುತ್ತೇವೆ. ಅಂದಿನಿಂದ ಬಣ್ಣವೂ ಬಂತು, ಮೊಟ್ಟೆಯೂ ಹಿಡಿದುಕೊಂಡಿತು.

ಕೊನೆಯದಾಗಿ, ನಿಮ್ಮಲ್ಲಿ ಶಾಕಾಹಾರಿ ಗಿರಾಕಿಗಳೂ ಬರುತ್ತಿದ್ದರೆ ಮೊಟ್ಟೆಗೆ ಕಾವಲಿ, ಸಟ್ಟುಗ, ಒರೆಸುವ ಬಟ್ಟೆ ಎಲ್ಲವೂ ಬೇರೆ ಇರಲಿ. ಒಂದೇ ಕಾವಲಿಯಲ್ಲಿ ಒರೆಸಿ ಹಾಕುತ್ತೇವೆ ಎಂದರೆ ವಾಸನೆಯೇ ಹೇಳಿಬಿಡುತ್ತದೆ. ಆ ಗಿರಾಕಿ ತಟ್ಟೆ ವಾಪಸು ಕಳಿಸುವುದಿಲ್ಲ, ತಾನೇ ವಾಪಸು ಬರುವುದಿಲ್ಲ.